ನಡುಬೆರಳಿನ ಜೋಮು, ಕುತ್ತಿಗೆಯ ಏಳನೆಯ ನರ

ನನ್ನ ತೊಂದರೆಯ ಮೂಲ ಕುತ್ತಿಗೆಯಲ್ಲಿದೆ ಎಂಬುದು ಮೊದಲ ಕೆಲವು ವಾರ ನನಗೆ ಹೊಳೆಯಲೇ ಇಲ್ಲ. ಏಕೆಂದರೆ ಕುತ್ತಿಗೆ ಅಷ್ಟೇನೂ ನೋಯುತ್ತಿರಲಿಲ್ಲ. ಬಲಗಡೆಯ ಹೆಗಲ ಹಲಗೆಯ ಒಳ ಅಂಚಿನಲ್ಲಿ, ಕೈ ಹಿಂದಕ್ಕೆ ಚಾಚಿದರೂ ಎಟುಕದ ಜಾಗದಲ್ಲಿ, ಒಂದು ಕೊರೆಯುವ ನೋವು ಕಾಣಿಸಿಕೊಂಡಿತ್ತು. ಮಲಗುವಾಗ ಮಗ್ಗುಲು ಕೊಟ್ಟಿರಬೇಕು ಎಂದುಕೊಂಡು ಬಿಸಿನೀರಿನ ಚೀಲ ಇಟ್ಟುಕೊಂಡೆ. ಕೆಲವು ದಿನ ಕಳೆಯುವಷ್ಟರಲ್ಲಿ ನೋವು ರೆಟ್ಟೆಯ ಹಿಂಭಾಗಕ್ಕೆ ಇಳಿಯಿತು, ಅಲ್ಲಿಂದ ಮುಂಗೈಗೆ ಬಂತು, ಕೊನೆಗೆ ನಡುಬೆರಳಿನ ತುದಿಯಲ್ಲಿ ಜುಮುಜುಮು ಎನ್ನುವ ಜೋಮಾಗಿ ಉಳಿಯಿತು. ತೋರುಬೆರಳಿಗೂ ಸ್ವಲ್ಪ ತಾಗುತ್ತಿತ್ತು. ಹೆಬ್ಬೆರಳು, ಕಿರುಬೆರಳು ಎಂದಿನಂತೆಯೇ ಇದ್ದವು.

ನನಗೆ 69 ವರ್ಷ. ಈ ವಯಸ್ಸಿನಲ್ಲಿ ಕೈಯಲ್ಲಿ ಜೋಮು ಎಂದರೆ ಸುತ್ತಲಿನವರ ಬಳಿ ಉತ್ತರಗಳು ಸಿದ್ಧವಾಗಿರುತ್ತವೆ: ಸಕ್ಕರೆ ಕಾಯಿಲೆ, ರಕ್ತ ಕಡಿಮೆ, ನರ ದುರ್ಬಲ, ವಿಟಮಿನ್ ಕೊರತೆ. ಇವುಗಳಲ್ಲಿ ಒಂದೆರಡು ನಿಜವೂ ಆಗಿರಬಹುದು. ಆದರೆ ಸಕ್ಕರೆ ಕಾಯಿಲೆಯ ಜೋಮು ಸಾಮಾನ್ಯವಾಗಿ ಎರಡೂ ಪಾದಗಳಿಂದ ಶುರುವಾಗುತ್ತದೆ, ಒಂದೇ ಕೈಯ ಒಂದೇ ಬೆರಳಿನಿಂದಲ್ಲ. ನನ್ನ ಗಮನಕ್ಕೆ ಬಂದ ಎರಡು ಸಂಗತಿಗಳು ಇದಕ್ಕಿಂತ ವಿಚಿತ್ರವಾಗಿದ್ದವು. ಕಪಾಟಿನ ಮೇಲಿನ ಸಾಲಿನ ಪುಸ್ತಕ ನೋಡಲು ತಲೆ ಎತ್ತಿದರೆ ಬೆರಳಿಗೆ ಜುಮ್ಮೆಂದು ಹರಿಯುತ್ತಿತ್ತು. ಬಲಗೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡು ಕುಳಿತರೆ ಕಡಿಮೆಯಾಗುತ್ತಿತ್ತು. ತಲೆಯ ಮೇಲೆ ಕೈ ಹೊತ್ತುಕೊಂಡು ಟಿವಿ ನೋಡುವ ನನ್ನನ್ನು ಕಂಡು ಮೊಮ್ಮಗಳು ನಗುತ್ತಿದ್ದಳು. ವೈದ್ಯರು ನಗಲಿಲ್ಲ. ನಾನು ಹೇಳಿದ್ದರಲ್ಲೆಲ್ಲ ಅವರು ಬರೆದುಕೊಂಡ ಮೊದಲ ಮಾತೇ ಅದು.

ಮೂಳೆ ತಜ್ಞರ ಕೋಣೆಯಲ್ಲಿ ಕುತ್ತಿಗೆಗಿಂತ ಹೆಚ್ಚು ಪರೀಕ್ಷೆಗೆ ಒಳಗಾದದ್ದು ನನ್ನ ಕೈಗಳು ಮತ್ತು ಕಾಲುಗಳು. ರಬ್ಬರಿನ ಸುತ್ತಿಗೆಯಿಂದ ಮೊಣಕೈಯ ಮುಂಭಾಗಕ್ಕೆ ತಟ್ಟಿದಾಗ ಎರಡೂ ಕೈ ಸಮನಾಗಿ ಚಿಮ್ಮಿದವು. ಮೊಣಕೈಯ ಹಿಂಭಾಗಕ್ಕೆ ತಟ್ಟಿದಾಗ ಎಡಗೈ ಚಿಮ್ಮಿತು, ಬಲಗೈ ಸುಮ್ಮನಿತ್ತು. ಆಮೇಲೆ ಮಡಿಸಿದ ಮೊಣಕೈಯನ್ನು ಅವರ ಅಂಗೈಯ ವಿರುದ್ಧ ನೇರ ಮಾಡಲು ಹೇಳಿದರು. ಎಡಗೈ ತಡೆಯನ್ನು ದೂಡಿತು, ಬಲಗೈ ಸೋತಿತು. ಕುರ್ಚಿಯ ಕೈಗಳನ್ನು ಒತ್ತಿ ಏಳುವಾಗ ನಾನು ಒಂದು ಪಕ್ಕಕ್ಕೆ ವಾಲುತ್ತಿದ್ದುದು ಏಕೆಂದು ಆಗ ಅರ್ಥವಾಯಿತು. ಮೊಣಕೈಯನ್ನು ನೇರ ಮಾಡುವ ಸ್ನಾಯು, ಅದರ ಹಿಂಭಾಗದ ಚಿಮ್ಮು, ನಡುಬೆರಳಿನ ಚರ್ಮ, ಈ ಮೂರೂ ಮುಖ್ಯವಾಗಿ ಕುತ್ತಿಗೆಯ ಏಳನೆಯ ನರದ ಪಾಲು. ಆ ನರ ಹೊರಬರುವುದು ಕುತ್ತಿಗೆಯ ಆರನೆಯ ಮತ್ತು ಏಳನೆಯ ಮೂಳೆಗಳ ನಡುವಿನ ಸಣ್ಣ ಕಿಂಡಿಯಿಂದ. ವಯಸ್ಸಿನಲ್ಲಿ ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಒಣಗಿ ಕುಗ್ಗುತ್ತದೆ, ಪಕ್ಕದ ಮೂಳೆಯ ಅಂಚು ಮೊನೆಯಾಗಿ ಬೆಳೆಯುತ್ತದೆ, ಕಿಂಡಿ ಕಿರಿದಾಗುತ್ತದೆ. ತಲೆ ಎತ್ತಿ ಅದೇ ಪಕ್ಕಕ್ಕೆ ವಾಲಿಸಿದರೆ ಕಿಂಡಿ ಇನ್ನಷ್ಟು ಮುಚ್ಚುತ್ತದೆ. ಕೈ ನೆತ್ತಿಯ ಮೇಲಿಟ್ಟಾಗ ನರದ ಮೇಲಿನ ಎಳೆತ ಸಡಿಲವಾಗುತ್ತದೆ.

ಹೆಬ್ಬೆರಳು ಮತ್ತು ತೋರುಬೆರಳು ಜೋಮು ಹಿಡಿದು, ಮೊಣಕೈ ಮಡಿಸುವ ಶಕ್ತಿ ಕುಂದಿದ್ದರೆ ಅದು ಆರನೆಯ ನರದ ಕಡೆ ಬೆರಳು ತೋರಿಸುತ್ತದೆ. ಕಿರುಬೆರಳಾದರೆ ಎಂಟನೆಯದು, ಇಲ್ಲವೇ ಮೊಣಕೈಯಲ್ಲಿ ಸಿಕ್ಕಿಬಿದ್ದ ಬೇರೊಂದು ನರ. ನನ್ನ ವೈದ್ಯರು ಮಣಿಕಟ್ಟುಗಳನ್ನೂ ಮಡಿಸಿ ಹಿಡಿಸಿ ನೋಡಿದರು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡರೂ ನಡುಬೆರಳು ಜೋಮು ಹಿಡಿಯುತ್ತದೆ. ಆದರೆ ಆ ಜೋಮು ರಾತ್ರಿ ಎಬ್ಬಿಸುತ್ತದೆ, ಕೈ ಕೊಡವಿದರೆ ಕಡಿಮೆಯಾಗುತ್ತದೆ, ತಲೆ ಎತ್ತಿದ್ದಕ್ಕೂ ಇಳಿಸಿದ್ದಕ್ಕೂ ಬದಲಾಗುವುದಿಲ್ಲ. ಎರಡೂ ಒಟ್ಟಿಗೆ ಇರುವವರೂ ಉಂಟಂತೆ. ಇನ್ನೊಂದು ಮಾತನ್ನು ಅವರು ಒತ್ತಿ ಹೇಳಿದರು: ನಡೆಯುವಾಗ ಎದೆ ಬಿಗಿದು, ನಿಂತರೆ ಸರಿಹೋಗುವ ಕೈನೋವನ್ನು ಕುತ್ತಿಗೆಯ ಲೆಕ್ಕಕ್ಕೆ ಹಾಕಬಾರದು, ಅದಕ್ಕೆ ಕೂಡಲೇ ಹೃದಯ ಪರೀಕ್ಷೆ ಆಗಬೇಕು.

ಕಾಲುಗಳನ್ನು ಏಕೆ ನೋಡಿದರು ಎಂಬುದು ನನಗೆ ಆಮೇಲೆ ತಿಳಿಯಿತು, ಮತ್ತು ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ಭಾಗ ಅದೇ. ಕಿಂಡಿಯಲ್ಲಿ ಒಂದು ನರ ಒತ್ತಿಕೊಳ್ಳುವುದು ಒಂದು ಕಾಯಿಲೆ, ನಡುವಿನ ಕೊಳವೆಯಲ್ಲಿ ಬೆನ್ನುಹುರಿಯೇ ಒತ್ತಿಕೊಳ್ಳುವುದು ಬೇರೆ ಕಾಯಿಲೆ. ಎರಡಕ್ಕೂ ಜನ ಸ್ಪಾಂಡಿಲೋಸಿಸ್ ಎಂಬ ಒಂದೇ ಹೆಸರು ಹೇಳುತ್ತಾರೆ. ಎರಡನೆಯದರಲ್ಲಿ ನೋವು ಕಡಿಮೆ ಇರಬಹುದು, ಕೆಲವರಿಗೆ ನೋವೇ ಇರುವುದಿಲ್ಲ. ಅಂಗಿಯ ಗುಂಡಿ ಹಾಕಲು ಬೆರಳುಗಳು ತಡವರಿಸುತ್ತವೆ, ಕೈಬರಹ ಕೆಡುತ್ತದೆ, ನಡೆಯುವಾಗ ಕಾಲು ಬಿಗಿಯುತ್ತದೆ ಅಥವಾ ಓಲಾಡುತ್ತದೆ, ಮೂತ್ರ ಬಂದರೆ ತಡೆಯಲಾಗುವುದಿಲ್ಲ. ತಲೆ ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ವಿದ್ಯುತ್ ಹರಿದಂತಾಗಬಹುದು. ಅವರು ಒಂದು ಪಾದದ ಮುಂದೆ ಇನ್ನೊಂದನ್ನು ಹಿಮ್ಮಡಿ ತಾಗಿಸಿ ನಡೆಯಲು ಹೇಳಿದರು. ಕಣ್ಣು ಮುಚ್ಚಿ ನಿಲ್ಲಿಸಿದರು. ನಡುಬೆರಳಿನ ಉಗುರನ್ನು ಚಿಮ್ಮಿಸಿ ಹೆಬ್ಬೆರಳು ತಾನಾಗಿ ಒಳಗೆ ಮಡಚಿಕೊಳ್ಳುತ್ತದೆಯೇ ಎಂದು ನೋಡಿದರು. ಮುಷ್ಟಿಯನ್ನು ಪೂರ್ತಿ ಬಿಚ್ಚಿ ಮುಚ್ಚುವುದನ್ನು 10 ಸೆಕೆಂಡು ಮಾಡಿಸಿ ಎಣಿಸಿದರು. ಆರೋಗ್ಯವಂತರಿಗೆ 20 ಸಲ ಸಾಧ್ಯವಾಗಬೇಕಂತೆ. ನನಗೆ ಆಯಿತು. “ಬೆನ್ನುಹುರಿಗೆ ಏನೂ ಆಗಿಲ್ಲ ಎಂದು ಕಾಣುತ್ತದೆ. ಹಾಗಾಗಿ ನಮಗೆ ಸಮಯವಿದೆ” ಎಂದರು.

ರಕ್ತದ ಸಕ್ಕರೆ ಮತ್ತು ಬಿ12 ಪರೀಕ್ಷೆ ಸರಿಯಾಗಿ ಬಂದವು. ಕೈಯ ಶಕ್ತಿ ಕುಂದಿತ್ತು, ವಯಸ್ಸೂ ಆಗಿತ್ತು. ಆದ್ದರಿಂದ ಯಾವ ಎಳೆತದ ಚಿಕಿತ್ಸೆಗೂ ಮೊದಲು ಎಂ.ಆರ್.ಐ. ಆಗಲಿ ಎಂದು ವೈದ್ಯರು ನಿರ್ಧರಿಸಿದರು. ವರದಿ ಎರಡು ಪುಟ ಇತ್ತು, ಓದಿದರೆ ನಾನು ಬದುಕಿರುವುದೇ ಆಶ್ಚರ್ಯ ಎನ್ನಿಸುವಂತಿತ್ತು. ನಾಲ್ಕು ಕಡೆ ಡಿಸ್ಕ್ ಉಬ್ಬು, ಎಲ್ಲೆಡೆ ಸವೆತ, ಎಲ್ಲೆಡೆ ಮೂಳೆಯ ಮೊನೆ. ವೈದ್ಯರು ಪೆನ್ನಿನಿಂದ ಒಂದೇ ಸಾಲಿಗೆ ಗೆರೆ ಎಳೆದರು: ಆರು ಮತ್ತು ಏಳನೆಯ ಮೂಳೆಗಳ ನಡುವೆ, ಬಲಗಡೆಯ ಕಿಂಡಿ ಕಿರಿದಾಗಿದೆ. ಪರೀಕ್ಷೆಯಲ್ಲಿ ಸಿಕ್ಕದ್ದಕ್ಕೂ ಚಿತ್ರದಲ್ಲಿ ಕಂಡದ್ದಕ್ಕೂ ಹೊಂದುವ ಸಾಲು ಅದೊಂದೇ. ಉಳಿದವು ವಯಸ್ಸಿನ ಗುರುತುಗಳು. ಜಪಾನಿನಲ್ಲಿ ಕುತ್ತಿಗೆಯ ಯಾವ ದೂರೂ ಇಲ್ಲದ 1,211 ಜನರ ಎಂ.ಆರ್.ಐ. ತೆಗೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಶೇ 88 ಮಂದಿಗೆ ಡಿಸ್ಕ್ ಉಬ್ಬಿತ್ತು. ವರದಿ ಹಿಡಿದುಕೊಂಡು ರಾತ್ರಿಯಿಡೀ ನಿದ್ದೆಗೆಡುವವರಿಗೆ ಈ ಒಂದು ಅಂಕಿ ಸಾಕು ಎಂದು ನನ್ನ ಅಭಿಪ್ರಾಯ.

ಔಷಧದ ವಿಷಯವನ್ನು ಬೇಗ ಮುಗಿಸುತ್ತೇನೆ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವಳಾದ್ದರಿಂದ ನೋವಿನ ಮಾತ್ರೆಯನ್ನು ಮೂತ್ರಪಿಂಡದ ಪರೀಕ್ಷೆ ನೋಡಿದ ಮೇಲೆ, ಕೆಲವೇ ದಿನಕ್ಕೆ ಕೊಟ್ಟರು. ನರದ ನೋವಿಗೆಂದು ರಾತ್ರಿ ಒಂದು ಪ್ರಿಗಾಬಲಿನ್ ಬರೆದರು. ಅದರಿಂದ ನಿದ್ದೆ ಬಂತು, ಜೊತೆಗೆ ಬೆಳಗಿನ ಹೊತ್ತು ತಲೆ ತೂಗಿದಂತಾಗುತ್ತಿತ್ತು. ಹೇಳಿದ ಮೇಲೆ ಪ್ರಮಾಣ ಇಳಿಸಿದರು. ವಯಸ್ಸಾದವರು ಆ ಮಾತ್ರೆ ತೆಗೆದುಕೊಂಡು ನಡುರಾತ್ರಿ ಗಡಬಡಿಸಿ ಏಳಬಾರದು. ಕುತ್ತಿಗೆಯ ನರಕ್ಕೆ ಮದ್ದು ಮಾಡಲು ಹೋಗಿ ಸೊಂಟದ ಮೂಳೆ ಮುರಿದುಕೊಳ್ಳುವುದು ಇಲ್ಲಿಯೇ. ಕಾಲರ್ ಪಟ್ಟಿಯನ್ನು ಮೊದಲ ಕೆಲವು ದಿನ, ನೋವು ತೀವ್ರವಾಗಿದ್ದಾಗ ಮಾತ್ರ ಹಾಕಿಸಿದರು. ತಿಂಗಳುಗಟ್ಟಲೆ ಹಾಕಿಕೊಂಡರೆ ಕುತ್ತಿಗೆಯ ಸ್ನಾಯುಗಳು ಕೆಲಸ ಮರೆಯುತ್ತವೆ.

ಫಿಸಿಯೋಥೆರಪಿಸ್ಟ್ ಒಬ್ಬ ಚುರುಕಾದ ಹುಡುಗಿ. ಮೊದಲ ದಿನ ಒಂದೂ ವ್ಯಾಯಾಮ ಮಾಡಿಸಲಿಲ್ಲ. ನೀವು ದಿನವೆಲ್ಲ ಹೇಗೆ ಕೂರುತ್ತೀರಿ, ತೋರಿಸಿ ಎಂದಳು. ನಾನು ಕಂಪ್ಯೂಟರಿನ ಮುಂದೆ ಕುಳಿತೆ. ಅವಳು ಪಕ್ಕದಿಂದ ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿದಳು. ಗದ್ದ ಮೇಲಕ್ಕೆ, ಕುತ್ತಿಗೆ ಹಿಂದಕ್ಕೆ ಮಡಿಕೆ ಬಿದ್ದು, ಕನ್ನಡಕದ ಕೆಳಭಾಗದಿಂದ ಪರದೆಯನ್ನು ಇಣುಕುತ್ತಿರುವ ಒಂದು ಮುದುಕಿ! ದೂರ ಹತ್ತಿರ ಎರಡಕ್ಕೂ ಒಂದೇ ಕನ್ನಡಕ ಹಾಕುವವರಿಗೆ ಓದುವ ಗಾಜು ಕೆಳಗಿರುತ್ತದೆ. ಪುಸ್ತಕಕ್ಕೆ ಅದು ಸರಿ. ಕಣ್ಣಿನ ಎತ್ತರದಲ್ಲಿರುವ ಪರದೆಗೆ ತಲೆಯನ್ನೇ ಹಿಂದಕ್ಕೆ ಎತ್ತಬೇಕು. ಅಂದರೆ ಕಿಂಡಿ ಮುಚ್ಚುವ ಅದೇ ಭಂಗಿಯಲ್ಲಿ ನಾನು ಗಂಟೆಗಟ್ಟಲೆ ಕುಳಿತಿರುತ್ತಿದ್ದೆ. ಪರದೆಯನ್ನು ತಗ್ಗಿಸಿದೆವು, ಆ ದೂರಕ್ಕೆಂದೇ ಬೇರೆ ಒಂದು ಕನ್ನಡಕ ಮಾಡಿಸಿಕೊಂಡೆ. ಒಂದು ವಾರದಲ್ಲಿ ಸಂಜೆಯ ಜೋಮು ಎದ್ದು ಕಾಣುವಂತೆ ಇಳಿಯಿತು. ಯಾವ ಯಂತ್ರವೂ ಕೊಡದ ಲಾಭ ಅದು, ಆದರೆ ಅದರ ಬಗ್ಗೆ ಮಾತನಾಡುವವರು ಕಡಿಮೆ.

ಅವಳು ಕಲಿಸಿದ ವ್ಯಾಯಾಮಗಳು ನೋಡುವವರಿಗೆ ವ್ಯಾಯಾಮದಂತೆ ಕಾಣುವುದೇ ಇಲ್ಲ. ಮೊದಲನೆಯದು ಅಂಗಾತ ಮಲಗಿ ಮಾಡುವಂಥದ್ದು. ತಲೆಯ ಕೆಳಗೆ ಮಡಿಸಿದ ಟವೆಲ್, ಮುಖ ಚಾವಣಿಯ ಕಡೆಗೆ. ತಲೆಯನ್ನು ಹಾಸಿಗೆಯಿಂದ ಎತ್ತದೆ, ಗದ್ದವನ್ನು ಗಂಟಲಿನ ಕಡೆಗೆ ಒಂದಿಷ್ಟೇ ಎಳೆದುಕೊಳ್ಳಬೇಕು, ಸಣ್ಣದಾಗಿ ಹೂಂ ಎಂದು ತಲೆಯಾಡಿಸಿದಷ್ಟೇ. ಐದು ಸೆಕೆಂಡು ಹಿಡಿದು ಬಿಡುವುದು, ಮೊದಲಿಗೆ ಐದಾರು ಸಲ, ಬರುಬರುತ್ತಾ ಹತ್ತು ಸಲ. ಸರಿಯಾಗಿ ಮಾಡುತ್ತಿದ್ದೇವೆಯೇ ಎಂದು ತಿಳಿಯುವ ದಾರಿಯೂ ಇದೆ. ಕುತ್ತಿಗೆಯ ಮುಂಭಾಗದಲ್ಲಿ ಕಿವಿಯ ಹಿಂದಿನಿಂದ ಎದೆಮೂಳೆಯವರೆಗೆ ಓರೆಯಾಗಿ ಇಳಿಯುವ ದಪ್ಪ ಸ್ನಾಯುವಿನ ಮೇಲೆ ಎಡಗೈಯ ಎರಡು ಬೆರಳಿಟ್ಟುಕೊಳ್ಳಬೇಕು. ಅದು ಹಗ್ಗದಂತೆ ಬಿಗಿದು ನಿಂತರೆ ಬಲ ಹೆಚ್ಚಾಯಿತೆಂದೇ ಅರ್ಥ. ಕೆಲಸ ಮಾಡಬೇಕಾದದ್ದು ಅದರ ಹಿಂದೆ, ಮೂಳೆಗಳಿಗೆ ಅಂಟಿಕೊಂಡಿರುವ ಚಿಕ್ಕ ಸ್ನಾಯುಗಳು. ನನಗೆ ಇದು ಕೈಹಿಡಿಯಲು ಒಂದು ವಾರವೇ ಬೇಕಾಯಿತು. ಪ್ರತಿ ಸಲವೂ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಮಾಡುತ್ತಿದ್ದೆ. “ಅಮ್ಮಾ, ಅರ್ಧ ಬಲ ಬಿಡಿ. ಈಗ ಉಳಿದುದರಲ್ಲಿಯೂ ಅರ್ಧ ಬಿಡಿ” ಎನ್ನುತ್ತಿದ್ದಳು.

ಎರಡನೆಯದು ಹೆಗಲ ಹಲಗೆಗಳದು. ಕುಳಿತು, ಎರಡೂ ಹಲಗೆಗಳನ್ನು ಹಿಂದಕ್ಕೆ ಮತ್ತು ಕೆಳಕ್ಕೆ ಎಳೆದು, ಐದು ಸೆಕೆಂಡು ಹಿಡಿಯುವುದು. ಇಲ್ಲಿ ಎಲ್ಲರೂ ಹೆಗಲನ್ನು ಕಿವಿಯ ಕಡೆಗೆ ಎತ್ತಿಬಿಡುತ್ತಾರೆ, ಹಾಗಾದರೆ ಕುತ್ತಿಗೆ ಇನ್ನಷ್ಟು ಬಿಗಿಯುತ್ತದೆ. ಮೂರನೆಯದು ಮಲಗಿದಂತೆಯೇ ತಲೆಯನ್ನು ಎಡಕ್ಕೆ, ಬಲಕ್ಕೆ ನಿಧಾನವಾಗಿ ಹೊರಳಿಸುವುದು. ಬಲಕ್ಕೆ ಹೊರಳಿಸುವಾಗ ಜೋಮಿನ ಮೊದಲ ಸುಳಿವು ಸಿಕ್ಕಲ್ಲಿಗೆ ನಿಲ್ಲಬೇಕು, ಅದನ್ನು ದಾಟಿ ಹೋಗಬಾರದು. ಜೋಮು ಬಹುಪಾಲು ಇಳಿದ ಮೇಲೆ ನಾಲ್ಕನೆಯದನ್ನು ಸೇರಿಸಿದಳು: ಅಂಗೈಯನ್ನು ಹಣೆಗೆ, ಆಮೇಲೆ ಕಿವಿಯ ಮೇಲ್ಭಾಗಕ್ಕೆ, ಆಮೇಲೆ ತಲೆಯ ಹಿಂಭಾಗಕ್ಕೆ ಒತ್ತಿ, ತಲೆ ಅಲುಗದಂತೆ ಸಮನಾಗಿ ಎದುರೊತ್ತುವುದು. ಮೈಯೆಲ್ಲಾ ಶಕ್ತಿಯನ್ನು ಹಾಕುವುದಲ್ಲ, ಐದರಲ್ಲಿ ಒಂದು ಪಾಲು ಸಾಕು. ಉಸಿರು ನಡೆಯುತ್ತಲೇ ಇರಬೇಕು, ಏಕೆಂದರೆ ಉಸಿರು ಕಟ್ಟಿ ಒತ್ತಿದರೆ ರಕ್ತದೊತ್ತಡ ಏರುತ್ತದೆ.

ಇಷ್ಟೂ ವ್ಯಾಯಾಮಗಳಿಗೆ ಅವಳು ಕೊಟ್ಟ ನಿಯಮ ಒಂದೇ. ನೋವು ಎಷ್ಟಿದೆ ಎಂದು ನೋಡಬೇಡಿ, ಎಲ್ಲಿದೆ ಎಂದು ನೋಡಿ. ಬೆರಳಿನ ಜೋಮು ಮೊಣಕೈಗೆ, ಮೊಣಕೈಯಿಂದ ಹೆಗಲಿಗೆ ಹಿಂದೆ ಸರಿದರೆ ಅದು ಒಳ್ಳೆಯ ಲಕ್ಷಣ, ಆ ಹೊತ್ತಿನಲ್ಲಿ ಕುತ್ತಿಗೆಯ ನೋವು ತುಸು ಏರಿದ್ದರೂ ಸರಿಯೇ. ಹೆಗಲಿನಲ್ಲಿದ್ದದ್ದು ಬೆರಳಿಗೆ ಇಳಿದರೆ ಆ ಚಲನೆ ನಿಮಗೆ ಬೇಡ. ವ್ಯಾಯಾಮದ ನಂತರ ಎದ್ದ ಜೋಮು ಅರ್ಧ ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯದಿದ್ದರೆ ಮರುದಿನ ಸಂಖ್ಯೆ ಕಡಿಮೆ ಮಾಡಿ. ನಾನು ಕ್ಯಾಲೆಂಡರಿನ ಚೌಕಗಳಲ್ಲಿ ಪ್ರತಿ ರಾತ್ರಿ ಒಂದೇ ಅಕ್ಷರ ಬರೆಯತೊಡಗಿದೆ: ಬೆರಳಿಗೆ ಬೆ, ಮುಂಗೈಗೆ ಮು, ರೆಟ್ಟೆಗೆ ರೆ, ಹೆಗಲಿಗೆ ಹೆ. ಮೊದಲ ಪುಟ ಪೂರ್ತಿ ಬೆ. ಎರಡನೆಯ ಪುಟದಲ್ಲಿ ನಡುನಡುವೆ ಮು, ರೆ ಇಣುಕತೊಡಗಿದವು.

ಏನನ್ನು ಮಾಡಬಾರದು ಎಂಬುದೂ ಇದೇ ನಿಯಮದಿಂದ ಬರುತ್ತದೆ. ತಲೆಯನ್ನು ಪೂರ್ತಿ ವೃತ್ತವಾಗಿ ತಿರುಗಿಸುವ ಅಭ್ಯಾಸ ಬಹಳ ಜನರಿಗಿದೆ. ಆ ವೃತ್ತದ ಹಿಂದಿನ ಕಾಲುಭಾಗದಲ್ಲಿ ಕಿಂಡಿ ಮುಚ್ಚುವ ಭಂಗಿಯೇ ಬರುತ್ತದೆ. ಶೀರ್ಷಾಸನ, ಸರ್ವಾಂಗಾಸನ ನನ್ನಂಥವರಿಗಲ್ಲ. ಕುತ್ತಿಗೆಯನ್ನು ಫಕ್ಕನೆ ತಿರುಗಿಸಿ ಲಟಿಕೆ ತೆಗೆಸುವುದು ಇನ್ನೂ ಕೆಟ್ಟದ್ದು. ಕುತ್ತಿಗೆಯ ಮೂಳೆಗಳೊಳಗಿಂದಲೇ ಮಿದುಳಿಗೆ ಹೋಗುವ ರಕ್ತನಾಳಗಳಿವೆ. ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆದ ಉದಾಹರಣೆಗಳು ಅಪರೂಪವಾದರೂ ಇವೆ.

ಇನ್ನು ಟ್ರ್ಯಾಕ್ಷನ್, ಅಂದರೆ ತಲೆಯನ್ನು ಎಳೆದು ಹಿಡಿದು ಕುತ್ತಿಗೆಗೆ ಬಿಡುವು ಕೊಡುವ ಆ ಎಳೆತದ ಚಿಕಿತ್ಸೆ. ನನಗೆ ಕುತ್ತಿಗೆ ತೊಂದರೆ ಎಂದು ಸುದ್ದಿಯಾದ ಕೂಡಲೇ ಭಾವನವರು ತಮ್ಮ ಹಳೆಯ ಸಾಧನವನ್ನು ತಂದುಕೊಟ್ಟರು. ಬಾಗಿಲ ಮೇಲೆ ಸಿಕ್ಕಿಸುವ ಕಬ್ಬಿಣದ ಕೊಕ್ಕೆ, ರಾಟೆ, ಹಗ್ಗ, ಗದ್ದಕ್ಕೂ ತಲೆಯ ಹಿಂಭಾಗಕ್ಕೂ ಕಟ್ಟುವ ಪಟ್ಟಿ, ಇನ್ನೊಂದು ತುದಿಗೆ ನೀರು ತುಂಬುವ ಚೀಲ. “ದಿನಾ ಅರ್ಧ ಗಂಟೆ ಕೂತುಕೊಳ್ಳಿ. ಮೂಳೆಗಳ ನಡುವೆ ಜಾಗ ಬಿಡುತ್ತದೆ, ಮೊನೆಯೂ ಕರಗುತ್ತದೆ. ನನಗೆ ಮೂರು ಕಿಲೋ ಸಾಕಾಯಿತು” ಎಂದರು. ಅದೇ ದಿನ ಸಂಜೆ ಫೋನ್ ಮಾಡಿದ ಇನ್ನೊಬ್ಬ ಬಂಧು, ಟ್ರ್ಯಾಕ್ಷನ್ ಮಾತ್ರ ಬೇಡವೇ ಬೇಡ, ಕೈಕಾಲು ಬಿದ್ದುಹೋಗುತ್ತವೆ ಎಂದರು. ಇಬ್ಬರೂ ಅಷ್ಟೇ ಖಚಿತವಾಗಿ ಹೇಳಿದ್ದರಿಂದ ಸಾಧನವನ್ನು ಚೀಲ ಸಮೇತ ಫಿಸಿಯೋಥೆರಪಿಸ್ಟ್ ಬಳಿಗೆ ಒಯ್ದೆ.

ಅವಳು ಲೆಕ್ಕ ಹೇಳಿದಳು. ಮನುಷ್ಯನ ತಲೆಯ ತೂಕ ಸುಮಾರು ಐದು ಕಿಲೋ. ಕುಳಿತು ಮೇಲಕ್ಕೆ ಎಳೆಸಿಕೊಳ್ಳುವಾಗ ಮೊದಲ ಐದು ಕಿಲೋ ತಲೆಯ ಭಾರವನ್ನು ಹೊರುವುದಕ್ಕೇ ಖರ್ಚಾಗುತ್ತದೆ. ಮೂರು ಕಿಲೋ ನೀರಿನ ಚೀಲ ತಲೆಯ ಭಾರವನ್ನು ತುಸು ಇಳಿಸೀತೇ ಹೊರತು ಮೂಳೆಗಳನ್ನು ಅಗಲಿಸಲಾರದು. ಹಳೆಯ ಎಕ್ಸ್-ರೇ ಪ್ರಯೋಗಗಳ ಪ್ರಕಾರ ಕುತ್ತಿಗೆಯ ಮೂಳೆಗಳ ನಡುವೆ ಅಳೆಯುವಷ್ಟು ಅಂತರ ಕಾಣಲು ಹನ್ನೊಂದು ಕಿಲೋದಷ್ಟು ಎಳೆತ ಬೇಕು. ಆಗಲೂ ಸಿಗುವ ಅಂತರ ಒಂದೆರಡು ಮಿಲಿಮೀಟರ್, ಅದೂ ಹಗ್ಗ ಸಡಿಲಿಸಿ ಎದ್ದು ನಿಂತ ಮೇಲೆ ಉಳಿಯುವುದಿಲ್ಲ. ಮೊನೆ ಎಂದರೆ ಮೂಳೆಯೇ, ಅದು ಎಳೆದರೆ ಕರಗುವ ವಸ್ತುವಲ್ಲ. ಹಾಗಾದರೆ ಭಾವನವರಿಗೆ ಹೇಗೆ ಗುಣವಾಯಿತು ಎಂದು ಕೇಳಿದೆ. “ಅರ್ಧ ಗಂಟೆ ತಲೆ ಎತ್ತದೆ, ಕೆಲಸ ಮಾಡದೆ ಕೂತರಲ್ಲ, ಅದೇ ಸ್ವಲ್ಪ ಸಹಾಯ ಮಾಡಿರಬಹುದು ಅಮ್ಮಾ. ಜೊತೆಗೆ ಈ ನೋವು ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ” ಎಂದಳು.

ಅವಳಿಗೆ ತೂಕಕ್ಕಿಂತ ಹೆಚ್ಚು ಬೇಸರ ತಂದದ್ದು ಆ ಗದ್ದದ ಪಟ್ಟಿ. ಎಳೆತದ ಬಹುಪಾಲು ಗದ್ದದ ಮೇಲೆ ಬಿದ್ದರೆ ಎರಡು ತೊಂದರೆ. ಕೆಳದವಡೆ ಕಿವಿಯ ಬಳಿಯ ಕೀಲಿಗೆ ಒತ್ತಿಕೊಳ್ಳುತ್ತದೆ, ಕಟ್ಟಿಸಿಕೊಂಡ ಹಲ್ಲಿರುವವರಿಗೆ ಒಸಡೂ ನೋಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಗದ್ದ ಮೇಲಕ್ಕೆ ಎದ್ದು ಕುತ್ತಿಗೆ ಹಿಂದಕ್ಕೆ ಬಾಗುತ್ತದೆ, ತೆರೆಯಬೇಕಾದ ಕಿಂಡಿ ಮುಚ್ಚುತ್ತದೆ. ಬಾಗಿಲಿಗೆ ಬೆನ್ನು ಮಾಡಿ ಕುಳಿತರೆ ಹಗ್ಗ ತಲೆಯನ್ನು ಹಿಂದಕ್ಕೇ ಎಳೆಯುತ್ತದೆ. ಬಾಗಿಲ ಕಡೆಗೆ ಮುಖ ಮಾಡಿ ಕುಳಿತು, ಪಟ್ಟಿಯ ಬಿಗಿ ತಲೆಯ ಹಿಂಭಾಗದ ಎಲುಬಿನ ಮೇಲೆ ಇರುವಂತೆ ಹೊಂದಿಸಬೇಕು. ಭಾವನವರು ಯಾವ ಕಡೆಗೆ ಮುಖ ಮಾಡುತ್ತಿದ್ದರೋ ನಾನು ಕೇಳಲು ಹೋಗಲಿಲ್ಲ.

ನನಗೆ ಟ್ರ್ಯಾಕ್ಷನ್ ಬೇಕೇ ಎಂಬುದನ್ನು ಅವಳು ಕೈಯಿಂದಲೇ ಪರೀಕ್ಷಿಸಿದಳು. ಅಂಗಾತ ಮಲಗಿಸಿ, ಎರಡೂ ಅಂಗೈಗಳನ್ನು ತಲೆಯ ಹಿಂದಿನ ಎಲುಬಿನ ಅಂಚಿಗೆ ಕೊಟ್ಟು, ಗದ್ದ ಸ್ವಲ್ಪ ಒಳಗಿರುವಂತೆ ನಿಧಾನವಾಗಿ ತನ್ನ ಕಡೆಗೆ ಎಳೆದಳು. ಬೆರಳಿನ ಜೋಮು ರೇಡಿಯೋದ ಸದ್ದು ಇಳಿಸಿದಂತೆ ಇಳಿಯಿತು. ಬಿಟ್ಟಾಗ ಮತ್ತೆ ಬಂತು. ಹೀಗೆ ಕೈಯ ಎಳೆತಕ್ಕೆ ಕಡಿಮೆಯಾಗುವವರಿಗೆ ಯಂತ್ರದಿಂದ ಪ್ರಯೋಜನ ಆಗುವ ಸಾಧ್ಯತೆ ಹೆಚ್ಚು. ಕೈಯ ಎಳೆತಕ್ಕೇ ಜೋಮು ಹೆಚ್ಚಿದರೆ ಅಲ್ಲಿಗೆ ಆ ಮಾತು ಮುಗಿಯಿತು.

ಯಂತ್ರದ ಮೇಲೆ ಮಲಗುವುದಕ್ಕೆ ಮೊದಲು ಮತ್ತೊಂದು ಸುತ್ತು ಪ್ರಶ್ನೆಗಳಿದ್ದವು. ಸಂಧಿವಾತ ಇದೆಯೇ, ಮೂಳೆ ತೀರಾ ಟೊಳ್ಳಾಗಿದೆಯೇ, ಎಂದಾದರೂ ಕ್ಯಾನ್ಸರ್ ಆಗಿತ್ತೇ, ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಕೆ ಇದೆಯೇ, ಇತ್ತೀಚೆಗೆ ಬಿದ್ದಿದ್ದೀರಾ, ತಲೆ ತಿರುಗಿಸಿದಾಗ ಕಣ್ಣು ಕತ್ತಲೆ ಬರುತ್ತದೆಯೇ. ನನಗಿಂತ ಮೊದಲು ಬಂದ ಹಿರಿಯರೊಬ್ಬರನ್ನು ಅವಳು ಯಂತ್ರದ ಹತ್ತಿರಕ್ಕೂ ಬಿಡಲಿಲ್ಲ. ಅವರ ಬೆರಳುಗಳ ಗೆಣ್ಣುಗಳು ಹಳೆಯ ರುಮಟಾಯ್ಡ್ ಸಂಧಿವಾತದಿಂದ ಸೊಟ್ಟಗಾಗಿದ್ದವು. ಆ ಕಾಯಿಲೆಯಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು ಸಡಿಲವಾಗಿರಬಹುದು, ಅಲ್ಲಿ ಎಳೆತ ಕೊಟ್ಟರೆ ಬೆನ್ನುಹುರಿಗೇ ಅಪಾಯ. ಬೆನ್ನುಹುರಿ ಈಗಾಗಲೇ ಒತ್ತಿಕೊಂಡವರಿಗೂ ಹಾಗೆಯೇ. ಕೈಕಾಲು ಬಿದ್ದುಹೋಗುತ್ತವೆ ಎಂದ ಬಂಧುವಿನ ಮಾತು ಎಲ್ಲಿಂದ ಹುಟ್ಟಿತು ಎಂದು ಆಗ ತಿಳಿಯಿತು. ಅದು ಇಂಥವರಿಗೆ ನಿಜ, ಕಿಂಡಿಯಲ್ಲಿ ಒಂದು ನರ ಮಾತ್ರ ಒತ್ತಿಕೊಂಡವರಿಗೆ ಅಲ್ಲ.

ನನ್ನನ್ನು ಅಂಗಾತ ಮಲಗಿಸಿ, ಮೊಣಕಾಲಿನ ಕೆಳಗೆ ದಿಂಬು ಕೊಟ್ಟು, ತಲೆಯ ಹಿಂಭಾಗವನ್ನು ಮಾತ್ರ ಹಿಡಿಯುವ ಎರಡು ಮೆತ್ತೆಗಳ ನಡುವೆ ಕುತ್ತಿಗೆ ಇರಿಸಿದರು. ಎಳೆತದ ದಿಕ್ಕು ಮಲಗಿದ ಮಟ್ಟದಿಂದ ಸುಮಾರು 20 ಡಿಗ್ರಿ ಮೇಲಕ್ಕೆ, ಅಂದರೆ ಕುತ್ತಿಗೆ ತುಸು ಮುಂದಕ್ಕೆ ಬಾಗಿರುತ್ತದೆ. ತಲೆಯ ಭಾರವನ್ನು ಮಂಚವೇ ಹೊರುವುದರಿಂದ ಕುಳಿತಾಗಿನಷ್ಟು ಬಲ ವ್ಯರ್ಥವಾಗುವುದಿಲ್ಲ. ಐದು ಕಿಲೋದಿಂದ ಶುರು. ಒಂದು ನಿಮಿಷ ಎಳೆತ, 20 ಸೆಕೆಂಡು ಅರ್ಧ ಸಡಿಲ, ಹೀಗೆ ಹದಿನೈದು ನಿಮಿಷ. ಕೈಗೆ ಒಂದು ಗುಂಡಿ ಕೊಟ್ಟಿದ್ದರು, ಒತ್ತಿದರೆ ಯಂತ್ರ ನಿಲ್ಲುತ್ತದೆ. ಆ ಗುಂಡಿ ಇಲ್ಲದ ಯಂತ್ರದ ಮೇಲೆ ಯಾರೂ ಮಲಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುಗಿದ ಮೇಲೆ ಕೆಲವು ನಿಮಿಷ ಹಾಗೆಯೇ ಮಲಗಿದ್ದು, ಮಗ್ಗುಲಾಗಿ ಎದ್ದೆ. ಆ ಮಧ್ಯಾಹ್ನವೆಲ್ಲ ಕೈ ಹಗುರವಾಗಿತ್ತು, ರಾತ್ರಿಯ ಹೊತ್ತಿಗೆ ಜೋಮು ವಾಪಸು ಬಂತು.

ಒಂದು ದಿನ ಅವಳು ರಜೆಯಲ್ಲಿದ್ದಾಗ ಬೇರೊಬ್ಬರು ಯಂತ್ರ ನಡೆಸಿದರು. ಬೇಗ ಗುಣವಾಗಲಿ ಎಂದು, ಹಿಂದಿನ ಸಲ ಏಳು ಕಿಲೋ ಇದ್ದದ್ದನ್ನು ನನಗೆ ಹೇಳದೆ ಹನ್ನೆರಡಕ್ಕೆ ಏರಿಸಿದರು. ಎಳೆಯುವಾಗ ಹಾಯೆನಿಸಿತು. ಕೊನೆಯಲ್ಲಿ ಹಗ್ಗ ಒಮ್ಮೆಗೇ ಸಡಿಲವಾದ ಕ್ಷಣ ಹೆಗಲಿನಿಂದ ಬೆರಳಿನವರೆಗೆ ಸುಟ್ಟಂತಾಯಿತು, ಮರುದಿನ ಕುತ್ತಿಗೆ ಹಲಗೆಯಂತೆ ಬಿಗಿದಿತ್ತು. ಅತಿಯಾಯಿತು ಎಂಬುದರ ಗುರುತು ಇದೇ: ಎಳೆಯುವಾಗ ನೋವು ಇರುವುದಿಲ್ಲ, ಬಿಟ್ಟಾಗ ಮೊದಲಿಗಿಂತ ಹೆಚ್ಚಾಗಿ ಬರುತ್ತದೆ. ಅವಳು ಬಂದ ಮೇಲೆ ಒಂದೆರಡು ದಿನ ಯಂತ್ರವನ್ನೇ ಬಿಡಿಸಿ, ಮತ್ತೆ ಐದು ಕಿಲೋದಿಂದ ಆರಂಭಿಸಿದಳು, ಎಂಟನ್ನು ದಾಟಿಸಲಿಲ್ಲ. ನನ್ನ ಬೆರಳಿಗೆ ಅಷ್ಟೇ ಸಾಕಾಗಿತ್ತು. ಹನ್ನೊಂದು ಕಿಲೋ ಮುಟ್ಟದೆ ಹೇಗೆ ಸಾಕಾಯಿತು ಎಂದು ಕೇಳಿದ್ದಕ್ಕೆ, ಮೂಳೆ ಅಗಲುವುದೊಂದೇ ಅದರ ಕೆಲಸವಲ್ಲ, ಸ್ನಾಯುಗಳು ಬಿಗಿ ಬಿಟ್ಟರೂ ನರಕ್ಕೆ ಆರಾಮ ಸಿಗಬಹುದು ಎಂದಳು.

ಸಂಶೋಧನೆಗಳೂ ಈ ವಿಷಯದಲ್ಲಿ ಒಂದೇ ಮಾತು ಹೇಳುವುದಿಲ್ಲ. 2009ರ ಒಂದು ಅಧ್ಯಯನದಲ್ಲಿ ವ್ಯಾಯಾಮ ಮತ್ತು ಥೆರಪಿಸ್ಟ್ ಕೈಯಿಂದ ಮಾಡುವ ಚಿಕಿತ್ಸೆಯ ಜೊತೆಗೆ ನಿಜವಾದ ಟ್ರ್ಯಾಕ್ಷನ್ ಕೊಟ್ಟವರಿಗೂ ಹೆಸರಿಗಷ್ಟೇ ಟ್ರ್ಯಾಕ್ಷನ್ ಕೊಟ್ಟವರಿಗೂ ವ್ಯತ್ಯಾಸ ಕಾಣಲಿಲ್ಲ. 2014ರ ಇನ್ನೊಂದರಲ್ಲಿ 86 ಜನರನ್ನು ಮೂರು ಗುಂಪು ಮಾಡಿದ್ದರು. ಮಲಗಿಸಿ ಯಂತ್ರದಿಂದ ಎಳೆದು ವ್ಯಾಯಾಮವನ್ನೂ ಮಾಡಿಸಿದವರು, ಬರೀ ವ್ಯಾಯಾಮದವರಿಗಿಂತಲೂ ಬಾಗಿಲ ಸಾಧನದವರಿಗಿಂತಲೂ ಆರು ತಿಂಗಳಲ್ಲಿ ಹೆಚ್ಚು ಸುಧಾರಿಸಿದ್ದರು. ನನ್ನ ಅನುಭವದಲ್ಲಿ ಅದು ಕೊಟ್ಟದ್ದು ಕೆಲವು ಗಂಟೆಗಳ ಬಿಡುವು. ಆ ಬಿಡುವಿನಲ್ಲಿ ಗದ್ದದ ವ್ಯಾಯಾಮ ಸುಲಭವಾಗುತ್ತಿತ್ತು, ರಾತ್ರಿ ನಿದ್ದೆ ಬರುತ್ತಿತ್ತು. ಟ್ರ್ಯಾಕ್ಷನ್ ಮಾತ್ರ ಮಾಡಿಸಿಕೊಂಡು, ಮನೆಗೆ ಬಂದು ಗದ್ದ ಎತ್ತಿ ಪರದೆ ನೋಡುತ್ತಾ ಕುಳಿತಿದ್ದರೆ ಏನೂ ಆಗುತ್ತಿರಲಿಲ್ಲ. ಕ್ಯಾಲೆಂಡರಿನಲ್ಲಿ ಹೆ ಸ್ಥಿರವಾದ ಮೇಲೆ ಅವಳೇ ಯಂತ್ರವನ್ನು ನಿಲ್ಲಿಸಿದಳು. ಜೀವನವಿಡೀ ಟ್ರ್ಯಾಕ್ಷನ್ ಬೇಕು, ಬಿಟ್ಟರೆ ಮೂಳೆ ಕುಸಿಯುತ್ತದೆ ಎಂಬುದು ಕೂಡ ಕಟ್ಟುಕತೆಯೇ.

ಗುಣವಾದ ಕ್ರಮ ಹೀಗಿತ್ತು: ಮೊದಲು ರೆಟ್ಟೆಯ ನೋವು ಹೋಯಿತು, ಆಮೇಲೆ ಹೆಗಲ ಹಲಗೆಯದು, ತಿಂಗಳುಗಳ ನಂತರ ಕುರ್ಚಿಯಿಂದ ಎರಡೂ ಕೈ ಒತ್ತಿ ಸಮನಾಗಿ ಏಳಲು ಸಾಧ್ಯವಾಯಿತು. ನಡುಬೆರಳಿನ ತುದಿಯಲ್ಲಿ ಈಗಲೂ ಸ್ವಲ್ಪ ಮಂದವಿದೆ, ಸೂಜಿಗೆ ದಾರ ಪೋಣಿಸುವಾಗ ಗೊತ್ತಾಗುತ್ತದೆ. ಸ್ಪರ್ಶವೇ ಸಾಮಾನ್ಯವಾಗಿ ಕೊನೆಗೆ ಮರಳುವುದು, ಪೂರ್ತಿ ಮರಳದೆಯೂ ಇರಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು. ಶಸ್ತ್ರಚಿಕಿತ್ಸೆಯ ಮಾತು ಬರಲಿಲ್ಲ. ಕೈಯ ಶಕ್ತಿ ದಿನದಿನಕ್ಕೆ ಇಳಿಯುತ್ತಾ ಹೋಗಿದ್ದರೆ, ಇಲ್ಲವೇ ಬೆನ್ನುಹುರಿಯ ಲಕ್ಷಣ ಕಂಡಿದ್ದರೆ ಬರುತ್ತಿತ್ತು.

ಭಾವನವರ ಸಾಧನವನ್ನು ಹಿಂದಿರುಗಿಸುವಾಗ ಅವರ ಅಂಗಿಯ ಗುಂಡಿಗಳ ಬಗ್ಗೆ, ನಡಿಗೆಯ ಬಗ್ಗೆ ಒಂದಿಷ್ಟು ವಿಚಾರಿಸಿದೆ. ಗುಂಡಿ ಹಾಕಲು ಇತ್ತೀಚೆಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ವಯಸ್ಸಾಯಿತಲ್ಲ ಎಂದರು. ಮುಷ್ಟಿ ಬಿಚ್ಚಿ ಮುಚ್ಚಿಸಿ 10 ಸೆಕೆಂಡು ಎಣಿಸಿದೆ, ಹದಿಮೂರಕ್ಕೆ ನಿಂತಿತು. ಸಾಧನವನ್ನು ಅವರ ಕೈಗೆ ಕೊಡದೆ, ನನ್ನ ವೈದ್ಯರ ಬಳಿ ಅವರಿಗೂ ಒಂದು ಸಮಯ ಗೊತ್ತುಮಾಡಿದ್ದೇನೆ.